ಬಾಯಲ್ಲಿ ಕರಗುವುದೂ ಬಿಸಿಲಲ್ಲಿ ನಿಲ್ಲುವುದೂ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಬಳ್ಳಾರಿಯ ನಮ್ಮ ಅಡುಗೆಮನೆಯ ಗೋಡೆಯಲ್ಲಿದ್ದ ತಾಪಮಾಪಕ 36 ಡಿಗ್ರಿ ತೋರಿಸುತ್ತಿತ್ತು. ಹಿಂದಿನ ರಾತ್ರಿ ಮೂರು ಬಟ್ಟಲುಗಳಲ್ಲಿ ಹಾಲಿನ ಪುಡ್ಡಿಂಗ್ ಮಾಡಿ ಫ್ರಿಜ್‌ನಲ್ಲಿಟ್ಟಿದ್ದೆ. ಮೂರಕ್ಕೂ ಕಾಲು ಲೀಟರ್ ಹಾಲು, ಎರಡು ದೊಡ್ಡ ಚಮಚ ಸಕ್ಕರೆ, ಒಂದೊಂದು ಏಲಕ್ಕಿ. ವ್ಯತ್ಯಾಸವಿದ್ದದ್ದು ಗಟ್ಟಿಗೊಳಿಸುವ ಪದಾರ್ಥದಲ್ಲಿ ಮಾತ್ರ: ಮೊದಲನೆಯದಕ್ಕೆ 5 ಗ್ರಾಂ ಜೆಲಾಟಿನ್, ಎರಡನೆಯದಕ್ಕೆ 2 ಗ್ರಾಂ ಅಗರ್ ಪುಡಿ, ಮೂರನೆಯದಕ್ಕೆ 20 ಗ್ರಾಂ ಕಾರ್ನ್‌ಫ್ಲೋರ್. ಅಗರ್ ಎಂದರೆ ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುವ ಸರಕೇ. ಹೆಸರಿನಲ್ಲಿ ಹುಲ್ಲಿದ್ದರೂ ಅದು ಹುಲ್ಲಲ್ಲ, ಸಮುದ್ರದ ಕೆಂಪು ಪಾಚಿಯಿಂದ ತೆಗೆದದ್ದು.

ಮೂರನ್ನೂ ಮೂರು ತಟ್ಟೆಗಳಿಗೆ ಬೋರಲು ಹಾಕಿ, ಫ್ಯಾನ್ ಆರಿಸಿ, ಮೇಜಿನ ಮೇಲೆ ಬಿಟ್ಟೆ. ಒಂದು ಗಂಟೆಯವರೆಗೆ ಯಾವುದೂ ಅಲುಗಲಿಲ್ಲ. ಆಮೇಲೆ ಜೆಲಾಟಿನ್ ಪುಡ್ಡಿಂಗ್‌ನ ಬುಡ ಹೊಳೆಯತೊಡಗಿತು. ತಟ್ಟೆಯನ್ನು ತುಸು ಓರೆ ಮಾಡಿದರೆ ಇಡೀ ಪುಡ್ಡಿಂಗ್ ಜಾರುತ್ತಿತ್ತು. ಎರಡು ಗಂಟೆ ಕಳೆಯುವಷ್ಟರಲ್ಲಿ ಅದು ಕೆನೆಹಾಲಿನ ಕೆರೆಯಾಗಿ, ನಡುವೆ ಒಂದು ಸಣ್ಣ ದಿಬ್ಬ ಉಳಿದಿತ್ತು. ಅಗರ್‌ನದು ಬಟ್ಟಲಿನ ಅಚ್ಚು ಕೊರೆದಂತೆಯೇ ನಿಂತಿತ್ತು, ಸುತ್ತ ಒಂದಿಷ್ಟು ನೀರು ಒಸರಿತ್ತು ಅಷ್ಟೆ. ಕಾರ್ನ್‌ಫ್ಲೋರಿನದು ಕೊಂಚ ಕುಸಿದು ಸುಸ್ತಾದಂತೆ ಕಂಡರೂ ಕರಗಿರಲಿಲ್ಲ.

ಮೂರೂ ಮಾಡುವ ಕೆಲಸ ಒಂದೇ, ನೀರನ್ನು ಹರಿಯದಂತೆ ಹಿಡಿದು ನಿಲ್ಲಿಸುವುದು. ಹಿಡಿಯುವ ಬಗೆ ಮಾತ್ರ ಬೇರೆ ಬೇರೆ.

ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬರುವ ಪ್ರೋಟೀನ್. ಕಾಲು ಸೂಪ್ ಮಾಡುವ ಮನೆಗಳಲ್ಲಿ ಇದನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಮಿಕ್ಕ ಸೂಪನ್ನು ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಹೆಪ್ಪುಗಟ್ಟಿ ನಡುಗುತ್ತಿರುತ್ತದೆಯಲ್ಲ, ಅದು ಜೆಲಾಟಿನ್‌ನ ಕೆಲಸ. ಮೂಳೆ, ಚರ್ಮಗಳಲ್ಲಿರುವ ಕೊಲಾಜೆನ್ ಮೂರು ಎಳೆಗಳನ್ನು ಹೊಸೆದ ಹುರಿಯಂತಿರುತ್ತದೆ. ಬಹಳ ಹೊತ್ತು ಕುದಿಸಿದಾಗ ಹುರಿ ಬಿಚ್ಚಿ ಎಳೆಗಳು ನೀರಿನಲ್ಲಿ ಹರಡುತ್ತವೆ. ತಣ್ಣಗಾದಾಗ ಮತ್ತೆ ಅಲ್ಲಲ್ಲಿ ಹೊಸೆದುಕೊಳ್ಳಲು ನೋಡುತ್ತವೆ, ಆದರೆ ಮೊದಲಿನಂತೆ ಉದ್ದಕ್ಕೂ ಅಲ್ಲ, ತುಂಡುತುಂಡಾಗಿ. ಹೀಗೆ ಹೊಸೆದ ಜಾಗಗಳೇ ಗಂಟುಗಳಾಗಿ ಒಂದು ಬಲೆ ಸಿದ್ಧವಾಗುತ್ತದೆ, ನೀರು ಅದರ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಗಂಟುಗಳು ಸಡಿಲವಾದವು. 30ರಿಂದ 35 ಡಿಗ್ರಿಯೊಳಗೆ ಬಿಚ್ಚಿಹೋಗುತ್ತವೆ.

ನಮ್ಮ ಬಾಯಿಯ ಉಷ್ಣತೆ ಸುಮಾರು 37 ಡಿಗ್ರಿ. ಜೆಲಾಟಿನ್ ಪುಡ್ಡಿಂಗ್ ನಾಲಿಗೆಯ ಮೇಲೆ ಕರಗುವ ಸುಖದ ಗುಟ್ಟು ಇಷ್ಟೇ. ಅಗಿಯದೆಯೇ ದ್ರವವಾಗಿ, ತನ್ನೊಳಗಿನ ಸಿಹಿಯನ್ನೂ ಪರಿಮಳವನ್ನೂ ಒಮ್ಮೆಲೇ ಬಿಟ್ಟುಕೊಡುತ್ತದೆ. ಆದರೆ ಬಾಯಿಗೂ ಬಳ್ಳಾರಿಯ ಅಡುಗೆಮನೆಗೂ ಒಂದೇ ಡಿಗ್ರಿ ಅಂತರವಿದ್ದಾಗ, ಬಾಯಲ್ಲಿ ಕರಗುವುದು ಮೇಜಿನ ಮೇಲೂ ಕರಗಲೇಬೇಕು. ತಂಪು ದೇಶದ ಅಡುಗೆಯವರು ಈ ಪದಾರ್ಥವನ್ನು ಹೊಗಳುವುದನ್ನು ಓದುವಾಗ ಅವರ ಊಟದ ಮನೆಯ ಉಷ್ಣತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಗರ್ ಸಕ್ಕರೆಯ ಘಟಕಗಳು ಪೋಣಿಸಿಕೊಂಡಂತಿರುವ ಉದ್ದ ಸರಪಳಿ. ಕುದಿಯುವ ನೀರಿನಲ್ಲಿ ಮಾತ್ರ ಚೆನ್ನಾಗಿ ಕರಗುತ್ತದೆ. ತಣಿಯುತ್ತ 40 ಡಿಗ್ರಿಯ ಕೆಳಗೆ ಬಂದಾಗ ಎರಡೆರಡು ಸರಪಳಿಗಳು ಹೊಸೆದುಕೊಳ್ಳುತ್ತವೆ. ಅಷ್ಟಕ್ಕೇ ನಿಂತಿದ್ದರೆ ಇದೂ ಜೆಲಾಟಿನ್‌ನಂತೆ ಸುಲಭವಾಗಿ ಬಿಚ್ಚಿಕೊಳ್ಳುತ್ತಿತ್ತೋ ಏನೋ. ಆದರೆ ಹೊಸೆದ ಎಳೆಗಳು ಒಂದಕ್ಕೊಂದು ಒತ್ತಿಕೊಂಡು ಕಟ್ಟುಗಳಾಗುತ್ತವೆ, ಕಟ್ಟಿನೊಳಗೆ ಒಂದು ಎಳೆಯನ್ನು ಇನ್ನೊಂದು ಹಿಡಿದಿಡುತ್ತದೆ. ಒಮ್ಮೆ ಹೀಗೆ ಸೇರಿದವನ್ನು ಬಿಡಿಸಲು ಸುಮಾರು 85 ಡಿಗ್ರಿ ಬೇಕು. ಗಟ್ಟಿಯಾಗುವುದು 40ರ ಕೆಳಗೆ, ಕರಗುವುದು 85ರ ಆಸುಪಾಸಿನಲ್ಲಿ. ನಡುವಿನ ಅಷ್ಟೂ ಉಷ್ಣತೆಯಲ್ಲಿ ಅಗರ್ ದ್ರವವಾಗಿಯೂ ಇರಬಹುದು, ಗಟ್ಟಿಯಾಗಿಯೂ ಇರಬಹುದು. ಯಾವುದೆಂಬುದು ಅದು ಕುದಿತದಿಂದ ಇಳಿದು ಬರುತ್ತಿದೆಯೋ, ತಂಪಿನಿಂದ ಮೇಲೇರುತ್ತಿದೆಯೋ ಎಂಬುದರ ಮೇಲೆ ನಿಂತಿದೆ. ನೀರು, ತುಪ್ಪಗಳ ಸ್ವಭಾವ ಕಂಡವರಿಗೆ ಇದು ವಿಚಿತ್ರವೆನಿಸುತ್ತದೆ. ನನಗಂತೂ ಈ ಮೂವರಲ್ಲಿ ಅಗರ್‌ನ ಮೇಲೆ ವಿಶೇಷ ಪ್ರೀತಿ ಹುಟ್ಟಿದ್ದು ಇದರಿಂದಲೇ.

ಬಳ್ಳಾರಿಯ ಪಜೀತಿಯನ್ನು 1881ರಲ್ಲಿ ಬರ್ಲಿನ್‌ನ ಒಂದು ಪ್ರಯೋಗಾಲಯವೂ ಅನುಭವಿಸಿತ್ತು. ರಾಬರ್ಟ್ ಕಾಖ್ ಬಳಿ ಕೆಲಸಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಬ್ಯಾಕ್ಟೀರಿಯಾಗಳನ್ನು ಜೆಲಾಟಿನ್ ಬೆರೆಸಿದ ಮಾಂಸದ ಸಾರಿನ ಮೇಲೆ ಬೆಳೆಸಲು ಹೆಣಗುತ್ತಿದ್ದರು. ರೋಗ ತರುವ ಬ್ಯಾಕ್ಟೀರಿಯಾಗಳಿಗೆ ನಮ್ಮ ಮೈಯ ಬಿಸಿ, ಅಂದರೆ 37 ಡಿಗ್ರಿ ಬೇಕು. ಅಷ್ಟು ಬಿಸಿಗೆ ಜೆಲಾಟಿನ್ ನೀರಾಗುತ್ತಿತ್ತು. ಸಾಲದ್ದಕ್ಕೆ ಕೆಲವು ಬ್ಯಾಕ್ಟೀರಿಯಾಗಳು ಜೆಲಾಟಿನ್ನನ್ನೇ ಜೀರ್ಣಿಸಿಕೊಂಡು ಕರಗಿಸುತ್ತಿದ್ದವು. ಹೆಸ್ಸೆಯವರ ಪತ್ನಿ ಫ್ಯಾನಿ ಪ್ರಯೋಗಾಲಯದಲ್ಲಿ ಅವರಿಗೆ ನೆರವಾಗುತ್ತಿದ್ದರು. ಬೇಸಿಗೆಯಲ್ಲೂ ಆಕೆಯ ಜೆಲ್ಲಿ, ಪುಡ್ಡಿಂಗ್‌ಗಳು ಕರಗುತ್ತಿರಲಿಲ್ಲ. ಜಾವಾದಲ್ಲಿ ಇದ್ದು ಬಂದ ನೆರೆಯವರೊಬ್ಬರಿಂದ ಕಲಿತ ಅಗರ್ ಅದಕ್ಕೆ ಕಾರಣ. ಅದನ್ನೇ ಬಳಸಿ ನೋಡಿ ಎಂದರು ಫ್ಯಾನಿ. ಮರುವರ್ಷ ಕ್ಷಯದ ಬ್ಯಾಕ್ಟೀರಿಯಾ ಕುರಿತ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಕಾಖ್ ಅಗರ್ ಬಳಸಿದ್ದನ್ನು ಬರೆದರು, ಅದನ್ನು ಸೂಚಿಸಿದವರ ಹೆಸರು ಬರೆಯಲಿಲ್ಲ. ಇಂದಿಗೂ ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳಲ್ಲಿರುವುದು ಆ ಅಡುಗೆಮನೆಯ ಅಗರ್.

ಜೆಲಾಟಿನ್ನನ್ನು ಜೀರ್ಣಿಸುವ ಕೆಲಸ ಬ್ಯಾಕ್ಟೀರಿಯಾಗಳಿಗಷ್ಟೇ ಸೀಮಿತವಲ್ಲ. ಹಸಿ ಅನಾನಸ್, ಪಪ್ಪಾಯಿ, ಕಿವಿ ಹಣ್ಣುಗಳಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳಿವೆ. ಅನಾನಸ್ ಹೆಚ್ಚಿ ಜೆಲಾಟಿನ್ ಜೆಲ್ಲಿಗೆ ಹಾಕಿದರೆ ಎರಡು ದಿನ ಫ್ರಿಜ್‌ನಲ್ಲಿಟ್ಟರೂ ಅದು ಪಾನಕವಾಗಿಯೇ ಉಳಿಯುತ್ತದೆ. ಜೆಲಾಟಿನ್ ಕಡಿಮೆಯಾಯಿತೆಂದು ಮತ್ತಷ್ಟು ಸುರಿದು ಪ್ರಯೋಜನವಿಲ್ಲ. ಹಣ್ಣನ್ನು ಐದು ನಿಮಿಷ ಸಕ್ಕರೆ ಪಾಕದಲ್ಲಿ ಕುದಿಸಿದರೆ ಕಿಣ್ವ ಕೆಟ್ಟು, ಜೆಲ್ಲಿ ನಿಲ್ಲುತ್ತದೆ. ಡಬ್ಬಿಯ ಅನಾನಸ್ ತೊಂದರೆ ಕೊಡದಿರುವುದೂ ಇದೇ ಕಾರಣಕ್ಕೆ, ಡಬ್ಬಿ ತುಂಬುವಾಗ ಅದನ್ನು ಕಾಯಿಸಿರುತ್ತಾರೆ. ಅಗರ್ ಪ್ರೋಟೀನ್ ಅಲ್ಲವಾದ್ದರಿಂದ ಹಸಿ ಅನಾನಸ್ಸಿಗೂ ಜಗ್ಗುವುದಿಲ್ಲ.

ಅಗರ್‌ಗೆ ಅದರದೇ ಹಟಗಳಿವೆ. ಮೊದಲ ಸಲ ಮಾಡಿದಾಗ ನಾನು ಅಗರ್ ಕುದಿಸಿ ನೇರವಾಗಿ ಫ್ರಿಜ್‌ನಿಂದ ತೆಗೆದ ಮಾವಿನ ರಸಕ್ಕೆ ಸುರಿದಿದ್ದೆ. ಸುರಿದ ಗಳಿಗೆಯಲ್ಲೇ ಅದು ಶ್ಯಾವಿಗೆಯಂಥ ಎಳೆಗಳಾಗಿ ಗಟ್ಟಿಯಾಯಿತು. 40 ಡಿಗ್ರಿಯ ಕೆಳಗೆ ಇಳಿದ ಕ್ಷಣವೇ ನಿಲ್ಲುವ ಪದಾರ್ಥಕ್ಕೆ ತಣ್ಣನೆಯ ರಸ ಸಿಕ್ಕರೆ ಇನ್ನೇನಾದೀತು? ರಸವನ್ನು ಮುಟ್ಟಿದರೆ ಬಿಸಿ ಹತ್ತುವಷ್ಟು ಕಾಯಿಸಿಕೊಂಡು, ಅದರೊಳಗೆ ಅಗರ್ ಹಾಕಿ ಕಲಸಬೇಕು. ಅಗರನ್ನು ಮಾತ್ರ ಬೇರೆಯಾಗಿ ನೀರಿನಲ್ಲಿ ಮೂರು ನಾಲ್ಕು ನಿಮಿಷ ಪೂರ್ತಿ ಕುದಿಸಬೇಕು. ಸೌಟಿನಲ್ಲಿ ಎತ್ತಿ ಬೆಳಕಿಗೆ ಹಿಡಿದಾಗ ಕಣವೂ ಎಳೆಯೂ ಕಾಣದಿದ್ದರೆ ಕರಗಿದೆ ಎಂದು ಅರ್ಥ. ನಿಂಬೆರಸ ಹಾಕುವುದಿದ್ದರೆ ಒಲೆಯಿಂದ ಇಳಿಸಿದ ಮೇಲೆ. ಹುಳಿಯೊಂದಿಗೆ ಕುದಿಸಿದರೆ ಸರಪಳಿಗಳು ತುಂಡಾಗಿ ಜೆಲ್ಲಿ ಸೊರಗುತ್ತದೆ.

ಅಗರ್‌ನ ದೊಡ್ಡ ಕೊರತೆ ಬಾಯಲ್ಲಿ ಗೊತ್ತಾಗುತ್ತದೆ. ಅಲ್ಲಿ ಅದು ಕರಗುವುದಿಲ್ಲ, ಮುರಿಯುತ್ತದೆ. ಹೆಚ್ಚಾದರಂತೂ ರಬ್ಬರಿನ ತುಂಡು ಅಗಿದಂತೆ. ಕಾಲು ಲೀಟರಿಗೆ 2 ಗ್ರಾಂ ಸಾಕು. ಸಕ್ಕರೆಯೂ ಪರಿಮಳವೂ ಬಲೆಯೊಳಗೇ ಉಳಿದು ತಡವಾಗಿ ಹೊರಬರುವುದರಿಂದ ಸಿಹಿಯನ್ನು ತುಸು ಮುಂದೆ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ಕಾರ್ನ್‌ಫ್ಲೋರ್. ಮೆಕ್ಕೆಜೋಳದ ಹಳದಿ ಹಿಟ್ಟಲ್ಲ, ಅದರಿಂದ ಬೇರ್ಪಡಿಸಿದ ಬಿಳಿ ಪಿಷ್ಟ. ಅಕ್ಕಿಯದೋ ರಾಗಿಯದೋ ಹಾಲುಬಾಯಿ ಮಾಡುವವರಿಗೆ ಇದರ ವರ್ತನೆ ಗೊತ್ತು: ಮಗುಚುತ್ತ ಮಗುಚುತ್ತ ಒಮ್ಮೆಲೇ ದಪ್ಪಗಾಗಿ ಪಾತ್ರೆಯ ಅಂಚು ಬಿಡುವುದು, ತಟ್ಟೆಗೆ ಸುರಿದು ಆರಿಸಿದರೆ ಬಿಲ್ಲೆ ಕತ್ತರಿಸಲು ಬರುವುದು. ಪಿಷ್ಟದ ಕಣಗಳು 65 ಡಿಗ್ರಿಯ ಆಸುಪಾಸಿನಲ್ಲಿ ನೀರು ಕುಡಿದು ಉಬ್ಬತೊಡಗುತ್ತವೆ. ಇನ್ನೂ ಕಾಯಿಸಿದಾಗ ಅಮೈಲೋಸ್ ಎಂಬ ನೇರ ಸರಪಳಿಗಳು ಕಣದಿಂದ ಹೊರಗೆ ಸೋರುತ್ತವೆ. ಆರಿದ ಮೇಲೆ ಈ ಸರಪಳಿಗಳು ಪರಸ್ಪರ ಹೆಣೆದುಕೊಂಡು, ಉಬ್ಬಿದ ಕಣಗಳನ್ನು ನಡುವೆ ಇಟ್ಟುಕೊಂಡು ಬಲೆಯಾಗುತ್ತವೆ. ಬಲೆಯ ಜತೆಗೆ ಕಣಗಳೂ ಬೇಕಾದ್ದರಿಂದಲೇ 20 ಗ್ರಾಂ, ಅಗರ್‌ನ ಹತ್ತರಷ್ಟು. ಆ ಕಣಗಳಿಂದಾಗಿಯೇ ಇದರ ಜೆಲ್ಲಿ ಗಾಜಿನಂತೆ ತಿಳಿಯಾಗುವುದಿಲ್ಲ, ಮಬ್ಬಾಗಿರುತ್ತದೆ.

ಇದನ್ನು ಮತ್ತೆ ಕರಗಿಸಲು ಬರುವುದಿಲ್ಲ. ಆ ಮಧ್ಯಾಹ್ನ ಉಳಿದ ಮೂರನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಒಲೆಗಿಟ್ಟು ನೋಡಿದೆ. ಜೆಲಾಟಿನ್ ಪಾತ್ರೆ ಬೆಚ್ಚಗಾಗುವಷ್ಟರಲ್ಲಿ ಹಾಲಾಯಿತು, ಫ್ರಿಜ್‌ನಲ್ಲಿಟ್ಟಾಗ ಪುನಃ ನಿಂತಿತು. ಅಗರ್ ಕುದಿಯುವ ಹಂತದವರೆಗೂ ತುಂಡುಗಳಾಗಿಯೇ ತೇಲಿ, ಕೊನೆಗೆ ಕರಗಿ, ಆರಿದ ಮೇಲೆ ಮೊದಲಿನಂತೆ ಗಟ್ಟಿಯಾಯಿತು. ಕಾರ್ನ್‌ಫ್ಲೋರಿನದು ಮೆತ್ತಗಾಯಿತೇ ಹೊರತು ನೀರಾಗಲಿಲ್ಲ. ಕದಡಿದ್ದಕ್ಕೆ ಗಂಟುಗಂಟಾಯಿತು, ಆರಿದ ಮೇಲೆ ಅಚ್ಚು ಹಿಡಿಯಲಿಲ್ಲ. ಹೆಣೆದುಕೊಂಡ ಅಮೈಲೋಸ್ ಬಿಡಿಸಲು ಕುದಿಯುವ ನೀರಿನ ಬಿಸಿಯೂ ಸಾಲದು.

ಹಾಗಾದರೆ ಕಾರ್ನ್‌ಫ್ಲೋರ್ ಪುಡ್ಡಿಂಗ್ ಬಾಯಲ್ಲಿ ನುಣುಪಾಗಿ ಜಾರುವುದು ಹೇಗೆ? ಜೊಲ್ಲಿನಲ್ಲಿರುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಕತ್ತರಿಸಿ ತೆಳುಮಾಡುತ್ತದೆ. ರುಚಿ ನೋಡಿದ ಚಮಚವನ್ನೇ ಮತ್ತೆ ಬಟ್ಟಲಿಗೆ ಅದ್ದುವವರ ಪುಡ್ಡಿಂಗ್ ಸಂಜೆಗೆ ನೀರು ನೀರಾಗಿದ್ದರೆ ಹಾಲಿನವನನ್ನು ದೂರುವಂತಿಲ್ಲ. ಹಸಿ ಮೊಟ್ಟೆಯ ಹಳದಿಯಲ್ಲೂ ಇದೇ ಜಾತಿಯ ಕಿಣ್ವವಿದೆ. ಆದ್ದರಿಂದ ಮೊಟ್ಟೆ ಹಾಕಿದ ಕಸ್ಟರ್ಡನ್ನು ದಪ್ಪಗಾದ ಕೂಡಲೇ ಇಳಿಸದೆ, ಗುಳ್ಳೆ ಎದ್ದ ಮೇಲೂ ಒಂದು ನಿಮಿಷ ಕೈಯಾಡಿಸುತ್ತಲೇ ಕುದಿಸಬೇಕು. ಹಸಿ ಹಿಟ್ಟಿನ ವಾಸನೆಯೂ ಅಷ್ಟರಲ್ಲಿ ಹೋಗುತ್ತದೆ. ಫ್ರೀಜರ್‌ಗೆ ಮಾತ್ರ ಇದನ್ನು ಇಡಬಾರದು. ಹೊರತೆಗೆದಾಗ ಹಿಂಡಿದ ಸ್ಪಂಜಿನಂತಾಗಿ ನೀರು ಬಿಡುತ್ತದೆ.

ಮೇ ತಿಂಗಳಲ್ಲಿ ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಸಿಂಧನೂರಿಗೆ ಮಾವಿನ ಪುಡ್ಡಿಂಗ್ ಒಯ್ಯಬೇಕಾಯಿತು. ಮನೆಯಲ್ಲಿ ಸಸ್ಯಾಹಾರ, ಜೆಲಾಟಿನ್ ಹೇಗೂ ಸಲ್ಲದು; ಸಲ್ಲುವಂತಿದ್ದರೂ ಆ ಬಸ್ಸಿನಲ್ಲಿ ಅರ್ಧ ದಾರಿಗೇ ರಸಾಯನವಾಗುತ್ತಿತ್ತು. ಹಾಲಿಗೆ ಕಾರ್ನ್‌ಫ್ಲೋರ್ ಅರ್ಧ ಅಳತೆ, ಅಗರ್ ಅರ್ಧ ಅಳತೆ ಹಾಕಿ, ಬೆಚ್ಚಗಿನ ಮಾವಿನ ರಸ ಕಲಸಿ, ಅಗಲದ ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿದೆ. ಐಸ್ ತುಂಬಿದ ಚೀಲದಲ್ಲಿ ಡಬ್ಬಿ ಕೂತಿತ್ತು. ಇಳಿದು ಮುಚ್ಚಳ ತೆಗೆದಾಗ ಐಸೆಲ್ಲ ನೀರಾಗಿತ್ತು. ಪುಡ್ಡಿಂಗ್ ಕುಲುಕಾಟಕ್ಕೆ ಎರಡು ಕಡೆ ಬಿರುಕು ಬಿಟ್ಟಿತ್ತು, ಮೂಲೆಯಲ್ಲಿ ಒಂದು ಚಮಚ ಹಳದಿ ನೀರು ನಿಂತಿತ್ತು. ನೀರು ಬಗ್ಗಿಸಿ, ಬಿರುಕಿನ ಗುಂಟವೇ ಚಾಕು ಆಡಿಸಿ ಬಿಲ್ಲೆ ಮಾಡಿದೆವು.