ಸೂತ್ರ ಸರಿ, ಉತ್ತರ ಮಾತ್ರ ಮೈನಸ್

ಸೂತ್ರ ಸರಿಯಿದ್ದರೆ ಉತ್ತರವೂ ಸರಿಯೇ ಬರುತ್ತದೆ ಅಂತ ನಾವು ಸುಮ್ನೆ ನಂಬಿಬಿಡುತ್ತೇವೆ. ಬಳ್ಳಾರಿಯಲ್ಲಿ ಬಿ.ಎಸ್ಸಿ. ಹುಡುಗರಿಗೆ ಪಾಠ ಹೇಳುವಾಗ, ಆ ನಂಬಿಕೆಗೆ ಮದ್ದಾಗಿ ನಾನು ಈ ಲೆಕ್ಕ ಕೊಡುತ್ತೇನೆ:

Iₙ = ∫₀¹ xⁿ eˣ dx

ಇಂಟಿಗ್ರೇಷನ್ ಬೈ ಪಾರ್ಟ್ಸ್ ಒಮ್ಮೆ ಮಾಡಿದರೆ ಸಾಕು, Iₙ = e − n Iₙ₋₁ ಸಿಗುತ್ತದೆ. ಹಿಂದಿನ ಪದ ಗೊತ್ತಿದ್ದರೆ ಮುಂದಿನದು ಕೈಯಲ್ಲೇ ಇದೆ. ಮಿತಿಯೂ ಸುಲಭ. 0ಯಿಂದ 1ರವರೆಗೆ eˣ ಎಂದೂ e ದಾಟುವುದಿಲ್ಲ, ಆದ್ದರಿಂದ Iₙ ಬೆಲೆ e/(n+1) ಮೀರುವುದಿಲ್ಲ. n ಬೆಳೆದಂತೆ ಅದು ಸೊನ್ನೆಗೆ ಇಳಿಯಲೇಬೇಕು.

ಈಗ e = 2.718 ಅಂತ ಇಟ್ಟುಕೊಂಡು I₁ = 1ರಿಂದ ಶುರು ಮಾಡಿ. 0.718, 0.564, 0.462, 0.408, 0.270 ಬರುತ್ತವೆ. ಆಮೇಲೆ I₇ = 0.828. ಇಳಿಯಬೇಕಾದದ್ದು ಏರಿತು! I₈ ಅಂತೂ −3.906. ಪೂರ್ತಿ x-ಅಕ್ಷದ ಮೇಲೇ ಇರುವ ಗೆರೆಯ ಕೆಳಗಿನ ಜಾಗ ಮೈನಸ್ ಆಗುವುದುಂಟೇ?

ಹುಡುಗರು ಕ್ಯಾಲ್ಕುಲೇಟರ್ ಬಯ್ಯುತ್ತಾರೆ. ಅದರ ತಪ್ಪೇನಿಲ್ಲ. ಸೂತ್ರವನ್ನು I₈ವರೆಗೆ ಬಿಡಿಸಿ ಬರೆದರೆ I₈ = 14833e − 40320. ಸಂಡೂರಿನ ಅದಿರು ಲಾರಿಯನ್ನು ಚಾಲಕನ ಊದುಬತ್ತಿ ಪೊಟ್ಟಣ ಇಟ್ಟು ಒಮ್ಮೆ, ತೆಗೆದು ಒಮ್ಮೆ ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಕಳೆದು, ಪೊಟ್ಟಣದ ತೂಕ ಹೇಳಿದಂತಾಯಿತು. ನಾವು e ಬೆಲೆಯಲ್ಲಿ ಬಿಟ್ಟದ್ದು ಬರೀ 0.00028. ಅದು 14833 ಪಟ್ಟಾಗಿ 4.18 ಆಯಿತು. ನಿಜವಾದ ಉತ್ತರವೇ 0.2744, ಅದು ಉಳಿಯುವುದೆಲ್ಲಿ? ಹತ್ತಾರು ಅಂಕಿ ಜಾಸ್ತಿ ಇಟ್ಟುಕೊಂಡರೂ ಗಂಡಾಂತರ ತಪ್ಪುವುದಿಲ್ಲ, ಸ್ವಲ್ಪ ಮುಂದಕ್ಕೆ ಹೋಗುತ್ತದೆ ಅಷ್ಟೇ.

ಅಂದ ಹಾಗೆ, ಆ 14833 ಸುಮ್ನೆ ಬಂದ ಸಂಖ್ಯೆಯಲ್ಲ. ಎಂಟು ಜನ ಚಪ್ಪಲಿ ಅದಲುಬದಲು ಮಾಡಿಕೊಂಡು, ಒಬ್ಬರಿಗೂ ತಮ್ಮದು ಸಿಗದಂತೆ ಹೊರಡುವ ವಿಧಾನಗಳು ಅಷ್ಟೇ ಇವೆ. ಇಂಥ ಎಣಿಕೆಯನ್ನು ಫ್ರಾನ್ಸಿನ ಮಾಂಟ್‌ಮಾರ್ ಇಸ್ಪೀಟಿನ ಆಟವೊಂದರ ನೆಪದಲ್ಲಿ 1708ರಲ್ಲೇ ಕೈಗೆತ್ತಿಕೊಂಡಿದ್ದ. ಅನುಕಲನದ ಹೊಟ್ಟೆಯಲ್ಲಿ ಅದು ಕೂತಿರುವುದು ನೋಡಿದರೆ ನನಗೆ ಈಗಲೂ ಖುಷಿ.

ಪರಿಹಾರ ಇಷ್ಟೇ: ಅದೇ ಸೂತ್ರವನ್ನು ಹಿಂದಕ್ಕೆ ನಡೆಸಿ. Iₙ₋₁ = (e − Iₙ)/n. ಮುಂದಕ್ಕೆ ಹೋಗುವಾಗ ತಪ್ಪನ್ನು n ಗುಣಿಸುತ್ತಿತ್ತು, ಈಗ ಭಾಗಿಸುತ್ತದೆ. ಶುರು ಎಲ್ಲಿಂದ? ಮಿತಿ ಸೊನ್ನೆ ಅಂತ ಗೊತ್ತಲ್ವಾ, I₁₂ = 0 ಅಂತಲೇ ಇಡಿ. ಅದು ಸುಳ್ಳು, ಇರಲಿ. ಅದೇ 2.718 ಹಾಕಿದರೆ I₁₁ = 0.2265, I₁₀ = 0.2265, I₉ = 0.2492, I₈ = 0.2743. ಮೊದಲ ಎರಡು ಒಂದೇ ಆಗಿರುವುದು ಆ ಸುಳ್ಳಿನ ಗುರುತು. ನಾಲ್ಕನೇ ಹೆಜ್ಜೆಗೆ ಅದು ಕರಗಿಹೋಗಿದೆ.

eˣ ಬದಲು ಬೇರೆ ನಯವಾದ f(x) ಇದ್ದರೆ ಸೊನ್ನೆಗಿಂತ f(1)/n ಇಟ್ಟು ಶುರು ಮಾಡಿ. n ದೊಡ್ಡದಾದಾಗ xⁿ ಬದುಕಿರುವುದು x = 1ರ ಪಕ್ಕದಲ್ಲಿ ಮಾತ್ರ. ಅದಕ್ಕೇ n Iₙ ಮೆಲ್ಲಗೆ f(1) ಕಡೆ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಆ f(1) ಅಂದರೆ e.