ಮೇಲುಗೊಬ್ಬರದ ಯೂರಿಯಾ ಕೈತಪ್ಪುವ ಎರಡು ದಾರಿ

ಯೂರಿಯಾವನ್ನು ಒಂದೇ ಸಲ ಸುರಿಯಬಾರದು, ಎರಡು ಮೂರು ಕಂತುಗಳಲ್ಲಿ ಹಾಕಬೇಕು ಎಂಬುದು ಧಾನ್ಯ ಬೆಳೆಯುವ ಎಲ್ಲರಿಗೂ ಗೊತ್ತಿರುವ ಮಾತು. ಹಾಗೆ ಕಂತು ಮಾಡಿ ಹಾಕಿದವರ ಹೊಲದಲ್ಲೂ ಬೆಳೆ ಹಳದಿಗೆ ತಿರುಗುವುದುಂಟು. ಕಾರಣ ಇಷ್ಟೇ: ಮಣ್ಣಿಗೆ ಬಿದ್ದ ಸಾರಜನಕ ಮುಖ್ಯವಾಗಿ ಎರಡು ದಾರಿಯಲ್ಲಿ ಕೈತಪ್ಪುತ್ತದೆ. ಒಂದು, ಅಮೋನಿಯಾ ಅನಿಲವಾಗಿ ಗಾಳಿಗೆ. ಇನ್ನೊಂದು, ನೈಟ್ರೇಟ್ ಆಗಿ ನೀರಿನ ಜೊತೆ ಬೇರಿನ ಕೆಳಕ್ಕೆ. ಕಂತು ಮಾಡುವುದು ಎರಡನೆಯ ದಾರಿಗೆ ಒಳ್ಳೆಯ ತಡೆ. ಮೊದಲನೆಯದಕ್ಕೆ ಅದರಿಂದ ಏನೂ ಆಗುವುದಿಲ್ಲ. ತಳಗೊಬ್ಬರವಾದರೆ ಮಣ್ಣಿನೊಳಗೆ ಸೇರಿಕೊಳ್ಳುತ್ತದೆ, ಮೇಲುಗೊಬ್ಬರ ಮಾತ್ರ ನೆಲದ ಮೇಲೇ ಬಿದ್ದಿರುತ್ತದೆ. ಹಾಗಾಗಿ ಕಂತು ಹೆಚ್ಚಿದಷ್ಟೂ ಗಾಳಿಗೆ ಹೋಗುವ ಪಾಲೂ ಹೆಚ್ಚಬಹುದು.

ಮೊದಲು ಗಾಳಿಯ ದಾರಿಯನ್ನು ನೋಡೋಣ, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಹದವಾಗಿ ತೇವವಿರುವ ನೆಲದ ಮೇಲೆ ಒಂದು ಕಾಳು ಯೂರಿಯಾ ಬಿತ್ತೆನ್ನಿ. ಕೆಲವೇ ಗಂಟೆಗಳಲ್ಲಿ ಅದು ಕರಗುತ್ತದೆ. ಮಣ್ಣಿನಲ್ಲೂ ಬೆಳೆಯ ಕಸಕಡ್ಡಿಯಲ್ಲೂ ಯೂರಿಯೇಸ್ ಎಂಬ ಕಿಣ್ವವಿರುತ್ತದೆ, ಅದು ಕರಗಿದ ಯೂರಿಯಾವನ್ನು ಒಡೆಯಲು ತೊಡಗುತ್ತದೆ:

CO(NH2)2 + H+ + 2H2O → 2NH4+ + HCO3−

ಇಲ್ಲಿ ಗಮನಿಸಬೇಕಾದದ್ದು ಎಡಗಡೆಯ H+. ಯೂರಿಯಾ ಒಡೆಯುವಾಗ ಸುತ್ತಲಿನ ಮಣ್ಣಿನ ಆಮ್ಲಾಂಶವನ್ನು ತಿಂದುಹಾಕುತ್ತದೆ. ಹೊಲದ ಮಣ್ಣಿನ ಪಿಎಚ್ 6.5 ಇದ್ದರೂ ಆ ಕಾಳಿನ ಸುತ್ತಲಿನ ಒಂದಿಷ್ಟು ಮಣ್ಣಿನಲ್ಲಿ ಅದು ಕೆಲವು ದಿನಗಳ ಮಟ್ಟಿಗೆ 9ರ ಹತ್ತಿರಕ್ಕೆ ಏರಬಲ್ಲದು. ಪಿಎಚ್ 7ರಲ್ಲಿ, ಹೀಗೆ ಒಡೆದು ಬಂದ ಅಮೋನಿಯಂನ ನೂರಕ್ಕೆ 0.5 ಭಾಗವಷ್ಟೇ ಅಮೋನಿಯಾ ಅನಿಲದ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ನೂರಕ್ಕೆ ಸುಮಾರು 5, 9ಕ್ಕೆ ಏರಿದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಅಂದರೆ ಮಣ್ಣು ಕ್ಷಾರವಲ್ಲದಿದ್ದರೂ ಯೂರಿಯಾ ತನ್ನ ಸುತ್ತ ತಾನೇ ಕ್ಷಾರದ ವಲಯ ಕಟ್ಟಿಕೊಂಡು ಅಲ್ಲಿಂದ ಆವಿಯಾಗುತ್ತದೆ. ಬೆಚ್ಚನೆಯ ವಾತಾವರಣದಲ್ಲಿ ಈ ಕೆಲಸವೆಲ್ಲ ಹೆಚ್ಚುಕಡಿಮೆ ಮೊದಲ ವಾರದಲ್ಲೇ ಮುಗಿದುಹೋಗುತ್ತದೆ. ಬಿಸಿಲು, ಗಾಳಿ, ಮೊದಲೇ ಕ್ಷಾರವಾದ ಮಣ್ಣು, ಅಮೋನಿಯಂ ಹಿಡಿದಿಡಲು ಜೇಡಿ ಸಾಲದ ಮರಳು ನೆಲ, ಇವೆಲ್ಲ ನಷ್ಟವನ್ನು ಹೆಚ್ಚಿಸುತ್ತವೆ. ಹಿಂದಿನ ಬೆಳೆಯ ಕೂಳೆ, ಹುಲ್ಲು ಹೊದ್ದ ನೆಲವಂತೂ ಇನ್ನೂ ಸೂಕ್ಷ್ಮ. ಅಲ್ಲಿ ಯೂರಿಯೇಸ್ ಹೆಚ್ಚು, ಕಾಳು ಮಣ್ಣನ್ನು ಮುಟ್ಟುವ ಮೊದಲೇ ಹುಲ್ಲಿನ ಮೇಲೆ ಒಡೆಯುತ್ತದೆ.

ಇದೇ ಕಾಳು ಮೂರರಿಂದ ಐದು ಸೆಂಟಿಮೀಟರ್ ಮಣ್ಣಿನಡಿ ಇದ್ದರೆ ಕಥೆಯೇ ಬೇರೆ. ಮೇಲಕ್ಕೆ ಹೊರಟ ಅಮೋನಿಯಾ ದಾರಿಯಲ್ಲಿ ಸಿಗುವ ತೇವದಲ್ಲಿ ಕರಗಿ ಮತ್ತೆ ಅಮೋನಿಯಂ ಆಗುತ್ತದೆ. ಅಮೋನಿಯಂಗೆ ಧನ ವಿದ್ಯುದಂಶ, ಜೇಡಿಯ ಕಣಗಳಿಗೆ ಋಣ, ಹಾಗಾಗಿ ಅದು ಅಲ್ಲೇ ಅಂಟಿಕೊಳ್ಳುತ್ತದೆ. ಒಳಗೆ ಸೇರಿಸಲು ಎಡೆಕುಂಟೆ ಹೊಡೆಯಬಹುದು, ಇಲ್ಲವೇ ನೀರಿಗೇ ಆ ಕೆಲಸ ಬಿಡಬಹುದು. ಒಡೆಯದ ಯೂರಿಯಾಗೆ ವಿದ್ಯುದಂಶವೇ ಇಲ್ಲ, ನೀರು ಹೋದಲ್ಲಿಗೆ ಹೋಗುತ್ತದೆ. ಹಾಕಿದ ಒಂದು ದಿನದೊಳಗೆ 10ರಿಂದ 15 ಮಿಲಿಮೀಟರ್ ಮಳೆಯೋ ನೀರಾವರಿಯೋ ಸಿಕ್ಕಿದರೆ ಸಾಕು. ಅದು ಚದರ ಮೀಟರಿಗೆ 10ರಿಂದ 15 ಲೀಟರ್. ನೀರು ಕೊಟ್ಟ ಮೇಲೆ ಸಲಿಕೆಯಿಂದ ಒಂದು ಕಡೆ ಅಗೆದು ನೋಡಿ. ಒಣಗಿದ್ದ ಮಣ್ಣು ಸುಮಾರು ಅರ್ಧ ಗೇಣು ನೆನೆದಿದ್ದರೆ ಸರಿಯಾಗಿದೆ ಎಂದರ್ಥ.

ಹೆಚ್ಚು ಹಾನಿ ಮಾಡುವುದು ತುಂತುರು ಮಳೆ ಮತ್ತು ಇಬ್ಬನಿ. ಪೂರ್ತಿ ಒಣಗಿದ ನೆಲದಲ್ಲಿ ಯೂರಿಯಾ ಕಾಳು ಕೆಲವು ದಿನ ಹಾಗೇ ಕೂತಿರಬಲ್ಲದು. ಎರಡು ಮೂರು ಮಿಲಿಮೀಟರ್ ಮಳೆ ಬಂದರೆ ಅದು ಕರಗುತ್ತದೆ, ಕಿಣ್ವ ಕೆಲಸ ಶುರು ಮಾಡುತ್ತದೆ, ಆದರೆ ಒಳಗೆ ಇಳಿಯುವಷ್ಟು ನೀರಿಲ್ಲ. ಆಮೇಲೆ ಬಿಸಿಲು ಬಿದ್ದು ಮೇಲ್ಮೈ ಒಣಗುವಾಗ ನೀರಿನ ಜೊತೆ ಅಮೋನಿಯಾವೂ ಏಳುತ್ತದೆ. “ಕಾಳು ಕರಗಿತು, ಇನ್ನು ಚಿಂತೆಯಿಲ್ಲ” ಎಂದುಕೊಳ್ಳುವುದು ಇಲ್ಲಿ ಆಗುವ ದೊಡ್ಡ ತಪ್ಪು. ಕಾಳು ಕಾಣದಾಗುವುದು ನಷ್ಟದ ಆರಂಭವಷ್ಟೇ.

ನಂಬಿಕೆ ಬರದಿದ್ದರೆ ಕಣ್ಣಾರೆ ನೋಡಬಹುದು. ಎರಡು ಅಗಲ ಬಾಯಿಯ ಗಾಜಿನ ಸೀಸೆಗಳಲ್ಲಿ ಒಂದೇ ಹೊಲದ ತೇವದ ಮಣ್ಣು ತುಂಬಿ. ಒಂದರಲ್ಲಿ ಅರ್ಧ ಚಮಚ ಯೂರಿಯಾವನ್ನು ಮೇಲೆ ಉದುರಿಸಿ, ಇನ್ನೊಂದರಲ್ಲಿ ಅಷ್ಟನ್ನೇ ಐದು ಸೆಂಟಿಮೀಟರ್ ಒಳಗಿಟ್ಟು ಮಣ್ಣು ಮುಚ್ಚಿ. ನೀರಿನಲ್ಲಿ ಅದ್ದಿದ ಕೆಂಪು ಲಿಟ್ಮಸ್ ಕಾಗದದ ತುಂಡನ್ನು ಮುಚ್ಚಳದ ಒಳಬದಿಗೆ ಅಂಟಿಸಿ ಮುಚ್ಚಿ, ನೆರಳಿನಲ್ಲಿಡಿ. ಒಂದೆರಡು ದಿನಗಳಲ್ಲಿ ಮೊದಲ ಸೀಸೆಯ ಕಾಗದ ನೀಲಿಗೆ ತಿರುಗುತ್ತದೆ, ಮುಚ್ಚಳ ತೆಗೆದರೆ ಮೂಗಿಗೆ ಘಾಟು ಹೊಡೆಯುತ್ತದೆ. ಎರಡನೆಯದು ಬಹಳ ತಡವಾಗಿ ತಿರುಗೀತು, ಇಲ್ಲವೇ ತಿರುಗದೆಯೇ ಉಳಿದೀತು.

ಭತ್ತದ ಗದ್ದೆಯಲ್ಲಿ ಇದೇ ನಷ್ಟ ಬೇರೆ ವೇಷದಲ್ಲಿ ಬರುತ್ತದೆ. ನಿಂತ ನೀರಿನಲ್ಲಿ ಯೂರಿಯಾ ಎರಚಿದರೆ ಅಮೋನಿಯಂ ಆ ನೀರಿನಲ್ಲೇ ಸೇರುತ್ತದೆ. ಗದ್ದೆಯ ನೀರಿನ ಪಾಚಿ ಹಗಲಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಮಧ್ಯಾಹ್ನದ ಹೊತ್ತಿಗೆ ನೀರಿನ ಪಿಎಚ್ 9ನ್ನೂ ದಾಟಬಹುದು. ರಾತ್ರಿ ಮತ್ತೆ ಇಳಿಯುತ್ತದೆ. ನಾಟಿಯಾಗಿ ಎರಡು ವಾರದ ಹೊತ್ತಿಗೆ ಪೈರು ಇನ್ನೂ ಬಿಡಿಬಿಡಿ, ನೀರಿನ ಮೇಲೆ ನೇರ ಬಿಸಿಲು ಮತ್ತು ಗಾಳಿ, ಬೇರೂ ಚಿಕ್ಕದು. ಈ ಕಂತಿನಲ್ಲೇ ನಷ್ಟ ಹೆಚ್ಚು. ಆದ್ದರಿಂದ ನೀರು ಬಸಿದು, ಕೆಸರಿನ ಮೇಲೆ ಎರಚಿ, ಕಳೆ ತೆಗೆಯುವ ಉಪಕರಣದಿಂದಲೋ ಕಾಲಿನಿಂದಲೋ ಕೆಸರಿಗೆ ಸೇರಿಸಿ, ಮರುದಿನ ನೀರು ಕಟ್ಟಬೇಕು. ತೆನೆ ಮೂಡುವ ಹಂತದ ಕಂತಿನ ಹೊತ್ತಿಗೆ ಎಲೆಗಳು ನೀರಿಗೆ ನೆರಳು ಕಟ್ಟಿರುತ್ತವೆ, ಪಾಚಿ ಕಡಿಮೆ, ಬೇರುಗಳು ಮೇಲ್ಪದರದ ತುಂಬ ಹರಡಿರುತ್ತವೆ. ಅದೇ ಯೂರಿಯಾ, ಅದೇ ಗದ್ದೆ, ಆದರೆ ಪೈರಿಗೆ ಸಿಗುವ ಪಾಲು ಬಹಳ ಹೆಚ್ಚು.

ಗಾಳಿಗೆ ಹೋಗದೆ ಉಳಿದ ಅಮೋನಿಯಂ ಜೇಡಿಗೆ ಅಂಟಿಕೊಂಡೇ ಇರುವುದಿಲ್ಲ. ಗಾಳಿಯಾಡುವ ಹೊಲದಲ್ಲಿ ಬ್ಯಾಕ್ಟೀರಿಯಾಗಳು ಒಂದರಿಂದ ಮೂರು ವಾರಗಳಲ್ಲಿ ಅದರ ಬಹುಪಾಲನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟ್‌ಗೆ ಋಣ ವಿದ್ಯುದಂಶ. ಜೇಡಿಗೂ ಋಣವೇ ಇರುವುದರಿಂದ ಅದು ಇದನ್ನು ಹಿಡಿದಿಡುವುದಿಲ್ಲ, ನೀರು ಇಳಿದ ಕಡೆ ಇದೂ ಇಳಿಯುತ್ತದೆ. ಬೇವು ಲೇಪಿತ ಯೂರಿಯಾದ ಕೆಲಸವಿರುವುದು ಇಲ್ಲಿ: ಅಮೋನಿಯಂ ನೈಟ್ರೇಟಾಗುವುದನ್ನು ಅದು ತಡಮಾಡುತ್ತದೆ. ಗಾಳಿಗೆ ಹೋಗುವುದನ್ನೂ ಅದು ತಡೆಯುತ್ತದೆಂದು ನಂಬಿ ನೆಲದ ಮೇಲೇ ಬಿಟ್ಟರೆ ಲಾಭವಿಲ್ಲ. ಅದಕ್ಕೆ ಯೂರಿಯೇಸನ್ನೇ ತಡೆಯುವ ಬೇರೆ ರಾಸಾಯನಿಕ ಬೇಕು, ಇಲ್ಲವೇ ಮಣ್ಣು ಮುಚ್ಚಬೇಕು.

ನೈಟ್ರೇಟ್ ಎಷ್ಟು ಆಳಕ್ಕೆ ಇಳಿಯಿತು ಎಂದು ಅಂದಾಜು ಮಾಡಲು ಒಂದು ಸುಲಭ ಲೆಕ್ಕವಿದೆ. ಮಣ್ಣು ಮೊದಲೇ ನೆನೆದು ತುಂಬಿದ್ದಾಗ ಬಿದ್ದ ಮಳೆಯನ್ನು, ಆ ಮಣ್ಣು ಹಿಡಿದಿಡುವ ನೀರಿನ ಪ್ರಮಾಣದಿಂದ ಭಾಗಿಸಬೇಕು. ಮರಳು ಮಣ್ಣು ತನ್ನ ಗಾತ್ರದ ನೂರಕ್ಕೆ 10ರಷ್ಟು, ಮರಳು ಮಿಶ್ರಿತ ಗೋಡು ಸುಮಾರು 20ರಷ್ಟು, ಜೇಡಿ ಮಣ್ಣು 40ರ ಹತ್ತಿರ ನೀರು ಹಿಡಿಯುತ್ತದೆ. 60 ಮಿಲಿಮೀಟರ್ ಮಳೆ ಬಂದರೆ ನೈಟ್ರೇಟ್ ಮರಳಿನಲ್ಲಿ 60 ಸೆಂಟಿಮೀಟರ್, ಗೋಡಿನಲ್ಲಿ 30, ಜೇಡಿಯಲ್ಲಿ 15 ಸೆಂಟಿಮೀಟರ್ ಇಳಿಯುತ್ತದೆ. ಇದು ಸರಾಸರಿ ಮಾತ್ರ. ಒಣಗಿ ಬಿರುಕು ಬಿಟ್ಟ ಎರೆ ಮಣ್ಣಿನಲ್ಲಿ ಬಿರುಕುಗಳೇ ಕೊಳವೆಗಳಾಗಿ ನೀರು ಲೆಕ್ಕ ಮೀರಿ ಇಳಿಯುತ್ತದೆ.

ಈಗ ಒಂದು ಹೆಕ್ಟೇರ್ ಮೆಕ್ಕೆಜೋಳ ತೆಗೆದುಕೊಳ್ಳೋಣ. ಮಣ್ಣು ಮರಳು ಮಿಶ್ರಿತ ಗೋಡು, ಕೊಡಬೇಕಾದ ಸಾರಜನಕ 120 ಕಿಲೋ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ, ಅಂದರೆ ಒಟ್ಟು 261 ಕಿಲೋ ಯೂರಿಯಾ. ಕಾಲು ಭಾಗ ಬಿತ್ತುವಾಗ, ಅರ್ಧ ಭಾಗ ಪೈರು ಮೊಣಕಾಲೆತ್ತರವಾದಾಗ, ಉಳಿದ ಕಾಲು ಭಾಗ ಸೂಲಂಗಿ ಬರುವ ಮುಂಚೆ ಎಂದಿಟ್ಟುಕೊಂಡರೆ ಕಂತುಗಳು 65, 130, 65 ಕಿಲೋ ಆಗುತ್ತವೆ. ಬಿತ್ತುವಾಗ ಡಿಎಪಿ ಹಾಕುವವರು ಒಂದು ವಿಷಯ ಮರೆಯುತ್ತಾರೆ. ಅದರಲ್ಲೂ ನೂರಕ್ಕೆ 18 ಭಾಗ ಸಾರಜನಕವಿದೆ. 125 ಕಿಲೋ ಡಿಎಪಿ ಹಾಕಿದರೆ 22.5 ಕಿಲೋ ಸಾರಜನಕ ಬಂದೇ ಬಿಟ್ಟಿತು, ಮೊದಲ ಕಂತಿಗೆ ಇನ್ನು 16 ಕಿಲೋ ಯೂರಿಯಾ ಸಾಕು.

ಎಲ್ಲ 261 ಕಿಲೋವನ್ನೂ ಬಿತ್ತುವಾಗಲೇ ಹಾಕಿದ್ದರೆ ಏನಾಗುತ್ತಿತ್ತು? ಮೊದಲ ಮೂರು ವಾರಗಳಲ್ಲಿ ಮೆಕ್ಕೆಜೋಳ ತನಗೆ ಬೇಕಾದ ಸಾರಜನಕದ ಹತ್ತರಲ್ಲಿ ಒಂದು ಪಾಲನ್ನೂ ತೆಗೆದುಕೊಂಡಿರುವುದಿಲ್ಲ. ಆ ಹೊತ್ತಿಗೆ ಬಹುಪಾಲು ನೈಟ್ರೇಟಾಗಿ ಕಾದು ಕೂತಿರುತ್ತದೆ. 60 ಮಿಲಿಮೀಟರಿನ ಒಂದು ಮಳೆ ಬಿದ್ದರೆ ಹತ್ತು ಸೆಂಟಿಮೀಟರ್ ಆಳದಲ್ಲಿದ್ದದ್ದು 40ಕ್ಕೆ, ಅಂಥದ್ದೇ ಇನ್ನೊಂದು ಬಿದ್ದರೆ 70ಕ್ಕೆ. ಎಳೆಯ ಬೇರಿಗೆ ಅದು ಎಟುಕುವುದಿಲ್ಲ. ಕಂತು ಮಾಡಿದ್ದರೆ ಆ ದಿನ ಅಪಾಯದಲ್ಲಿರುವುದು 30 ಕಿಲೋ ಸಾರಜನಕ ಮಾತ್ರ, ಉಳಿದ 90 ಕಿಲೋ ಇನ್ನೂ ಚೀಲದಲ್ಲೇ ಇದೆ.

ಮೊಣಕಾಲೆತ್ತರದ ಕಂತು ಹಾಕುವಾಗ ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20 ಇದ್ದರೆ 130 ಕಿಲೋ ಯೂರಿಯಾ ಸಾಲಿನ ಮೀಟರಿಗೆ ಎಂಟು ಗ್ರಾಂಗಿಂತ ಸ್ವಲ್ಪ ಕಡಿಮೆ, ಗಿಡಕ್ಕೆ ಒಂದೂವರೆ ಗ್ರಾಂ ಬರುತ್ತದೆ. ಮೊದಲು ಒಂದು ಮೀಟರಿಗೆ ತೂಗಿ ಹಾಕಿ ಕೈಗೆ ಅಳತೆ ಕೂರಿಸಿಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ಹೊಲದ ಇನ್ನೊಂದು ಬದಿಗೆ ಬರುವ ಮೊದಲೇ ಚೀಲ ಖಾಲಿಯಾಗುತ್ತದೆ. ಕಾಂಡದಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ಸಾಲು ಹಿಡಿದು ಉದುರಿಸಿ, ಅದೇ ದಿನ ಎಡೆಕುಂಟೆ ಹೊಡೆದು ಮಣ್ಣೇರಿಸಬೇಕು. ಇಬ್ಬನಿ ಆರುವ ಮುಂಚೆ ಹಾಕಬಾರದು. ಒದ್ದೆ ಸುಳಿಯೊಳಗೆ ಬಿದ್ದ ಕಾಳು ಕರಗಿ ಎಲೆ ಸುಟ್ಟ ಕಲೆ ಉಳಿಯುತ್ತದೆ.

ಹಾಕಿದ ಮೇಲೆ ಜೋರು ಮಳೆ ಬಂದರೆ ಮತ್ತೆ ಯೂರಿಯಾ ಹಾಕಬೇಕೇ ಎಂಬುದು ಎಲ್ಲರ ಪ್ರಶ್ನೆ. ಉತ್ತರ ಮಳೆಯ ಮೇಲೆ ಎಷ್ಟು ನಿಂತಿದೆಯೋ ಯೂರಿಯಾದ ವಯಸ್ಸಿನ ಮೇಲೂ ಅಷ್ಟೇ ನಿಂತಿದೆ. ಹಾಕಿದ ದಿನವೇ ಭಾರಿ ಮಳೆ ಸುರಿದರೆ ಒಡೆಯದ ಯೂರಿಯಾವೇ ನೀರಿನ ಜೊತೆ ಇಳಿದಿರುತ್ತದೆ, ಇಳಿಜಾರಿನಲ್ಲಿ ಹರಿದೂ ಹೋಗಿರುತ್ತದೆ. ನಾಲ್ಕರಿಂದ ಏಳನೇ ದಿನದ ಮಳೆಯಾದರೆ ಹೆಚ್ಚಿನದು ಅಮೋನಿಯಂ ರೂಪದಲ್ಲಿ ಜೇಡಿಗೆ ಅಂಟಿರುತ್ತದೆ, ಹೆದರಿ ಮತ್ತೆ ಸುರಿಯಬೇಕಿಲ್ಲ. ಮೂರು ವಾರದ ನಂತರದ ಮಳೆ ನೈಟ್ರೇಟನ್ನು ಒಯ್ಯುತ್ತದೆ, ಆದರೆ ಮೊಣಕಾಲೆತ್ತರ ದಾಟಿದ ಬೆಳೆ ಅಷ್ಟರಲ್ಲಿ ಸಾಕಷ್ಟನ್ನು ಹೀರಿಕೊಂಡಿರುತ್ತದೆ. ಹಾಗಾಗಿ ಮಳೆ ನಿಂತ ಮೇಲೆ ಒಂದು ವಾರ ಕಾದು ಕೆಳಗಿನ ಎಲೆಗಳನ್ನು ನೋಡಬೇಕು. ಹಳೆಯ ಎಲೆಯ ತುದಿಯಿಂದ ಹಳದಿ ಶುರುವಾಗಿ ನಡುನರದ ಗುಂಟ ಬುಡದ ಕಡೆ ಮೊನಚಾಗಿ ಇಳಿಯುತ್ತಿದ್ದರೆ ಅದು ಸಾರಜನಕದ ಕೊರತೆ. ಎಲೆಯ ಅಂಚು ಮಾತ್ರ ಒಣಗುತ್ತಿದ್ದರೆ ಅದು ಪೊಟ್ಯಾಷ್ ಕೊರತೆಯ ಗುರುತು, ಯೂರಿಯಾದಿಂದ ಸರಿಹೋಗುವುದಿಲ್ಲ. ನೀರು ನಿಂತ ಜಾಗದಲ್ಲಿ ಮಾತ್ರ ಹಳದಿ ಕಂಡರೆ ಮೊದಲು ಬಸಿಗಾಲುವೆ ತೆಗೆಯಬೇಕು, ಉಸಿರುಗಟ್ಟಿದ ಬೇರು ಗೊಬ್ಬರ ಹಾಕಿದರೂ ತೆಗೆದುಕೊಳ್ಳಲಾರದು. ನಿಜವಾದ ಕೊರತೆಯೇ ಆಗಿದ್ದರೆ ಸೂಲಂಗಿಗೆಂದು ಇಟ್ಟ 65 ಕಿಲೋವನ್ನು ಒಂದು ವಾರ ಮುಂಚೆ ಹಾಕಿ ಮಣ್ಣು ಮುಚ್ಚುವುದೇ ಮೊದಲ ಕ್ರಮ. ಹೊಸ ಚೀಲ ಒಡೆಯುವುದು ಅದಾದ ಮೇಲೂ ಹೊಸ ಎಲೆಗಳ ಬಣ್ಣ ತಿರುಗದಿದ್ದರೆ ಮಾತ್ರ.