ಹದಿನೈದು ವರ್ಷದ ಕೆಲಸ ಬಿಟ್ಟು ಮೇಷ್ಟ್ರಾಗಬಹುದಾ?

ಪ್ರಶ್ನೆ: ನನಗೆ 41 ವರ್ಷ. ಹದಿನೈದು ವರ್ಷದಿಂದ ಎಂಜಿನಿಯರ್ ಆಗಿದ್ದೇನೆ. ಶಾಲೆಯಲ್ಲಿ ಗಣಿತ ಕಲಿಸುವ ಆಸೆ ಬಹಳ ದಿನದಿಂದ ಇದೆ. ವಿಷಯ ಚೆನ್ನಾಗಿ ಗೊತ್ತಿದ್ದರೂ ತರಬೇತಿ ಬೇಕಾ? ಸಂಬಳ ಎಷ್ಟು ಇಳಿಯುತ್ತದೆ? ಆಮೇಲೆ ಯಾಕಪ್ಪಾ ಬಂದೆ ಅನ್ನಿಸುವುದಿಲ್ಲವಾ?

ಉತ್ತರ: ನಾನೂ ಲೆಕ್ಕಪತ್ರದ ಕೆಲಸ ಬಿಟ್ಟು ಒಂಬತ್ತು ವರ್ಷದ ಹಿಂದೆ ಗಣಿತದ ಮೇಷ್ಟ್ರಾದವನು. ಮೊದಲು ದುಡ್ಡಿನ ಮಾತು ಆಡಿಬಿಡೋಣ.

ಶಿಕ್ಷಕರ ಸಂಬಳ ಹೆಚ್ಚಿನ ಕಡೆ ಪಾಠ ಮಾಡಿದ ವರ್ಷಗಳನ್ನು ನೋಡಿ ಏರುತ್ತದೆ. ನಿಮ್ಮ ಹದಿನೈದು ವರ್ಷದ ಅನುಭವವನ್ನು ಕೆಲವು ಶಾಲೆಗಳು ಅರ್ಧಂಬರ್ಧ ಲೆಕ್ಕಕ್ಕೆ ಹಿಡಿಯುತ್ತವೆ, ಹಲವು ಹಿಡಿಯುವುದೇ ಇಲ್ಲ. ಹಾಗಾಗಿ ವೇತನ ಶ್ರೇಣಿಯ ಯಾವ ಹಂತದಲ್ಲಿ ಸೇರಿಸಿಕೊಳ್ಳುತ್ತಾರೆ ಎಂದು ಸೇರುವ ಮೊದಲೇ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ.

ಈಗಿನ ತಿಂಗಳ ಸಂಬಳ 100 ಅಂದುಕೊಳ್ಳಿ. ಮನೆ ಖರ್ಚು 55. ಶಿಕ್ಷಕರಾದ ಮೊದಲ ವರ್ಷ ಸಂಬಳ 45 ಸಿಗುತ್ತದೆ, ಆಮೇಲೆ ವರ್ಷಕ್ಕೆ 3ರಂತೆ ಏರುತ್ತದೆ ಎಂದಿಟ್ಟುಕೊಳ್ಳೋಣ. ಆಗ ನಾಲ್ಕು ವರ್ಷ ತಿಂಗಳಿಗೆ 10, 7, 4, 1ರಷ್ಟು ಕೊರತೆ. ಒಟ್ಟು 264. ತರಬೇತಿಯ ಒಂದು ವರ್ಷ ಆದಾಯವೇ ಇಲ್ಲದಿದ್ದರೆ ಇನ್ನೂ 660. ಎರಡೂ ಸೇರಿ 924, ಅಂದರೆ ಹತ್ತಿರಹತ್ತಿರ ಹದಿನೇಳು ತಿಂಗಳ ಮನೆ ಖರ್ಚು. ತರಬೇತಿಯ ಶುಲ್ಕ ಮತ್ತು ಬೆಲೆ ಏರಿಕೆ ಇದರಲ್ಲಿ ಸೇರಿಲ್ಲ. ಇಲ್ಲಿ ದೊಡ್ಡ ಹೊಡೆತ ಕೊಡುವುದು ಕಡಿಮೆ ಸಂಬಳವಲ್ಲ, ಸಂಬಳವೇ ಇಲ್ಲದ ಆ ಒಂದು ವರ್ಷ. ಕೆಲಸ ಮಾಡುತ್ತಲೇ ತರಬೇತಿ ಪಡೆಯುವ ದಾರಿ ನಿಮಗೆ ಸಿಕ್ಕರೆ ಲೆಕ್ಕವೇ ಬದಲಾಗುತ್ತದೆ. ಆದರೆ ಆ ವರ್ಷ ದಣಿವು ಜಾಸ್ತಿ.

ಇನ್ನು ತರಬೇತಿ. ಪದವಿ ಇರುವವರಿಗೆ ಅದು ಸಾಮಾನ್ಯವಾಗಿ ಒಂದೆರಡು ವರ್ಷ. ಅಷ್ಟು ಯಾಕೆ ಬೇಕು ಅನ್ನುವುದು ನನಗೆ ಒಂದೇ ಪೀರಿಯಡ್‌ನಲ್ಲಿ ಅರ್ಥವಾಯಿತು.

ಅಭ್ಯಾಸ ಪಾಠದ ಮೊದಲ ವಾರ. ಶೇಕಡಾ ಲೆಕ್ಕ ನನಗೆ ನೀರು ಕುಡಿದಷ್ಟು ಸುಲಭ. ಬೋರ್ಡ್ ಮೇಲೆ ಮೂರು ಉದಾಹರಣೆ ಚಕಚಕ ಬಿಡಿಸಿ "ಅರ್ಥ ಆಯ್ತಾ?" ಅಂದೆ. "ಆಯ್ತು ಸಾರ್!" ಎಂದು ಇಡೀ ಕ್ಲಾಸು ಕೂಗಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಾರ್ಗದರ್ಶಕಿ ಮೇಡಂ ಎದ್ದು ಬಂದು ಒಂದೇ ಪ್ರಶ್ನೆ ಬರೆದರು: 100ರ ವಸ್ತುವಿನ ಬೆಲೆ 20% ಇಳಿಯಿತು, ಆಮೇಲೆ 20% ಏರಿತು. ಈಗ ಎಷ್ಟು? ಎಲ್ಲರೂ ಉತ್ತರ ಬರೆದು ನೋಟ್‌ಬುಕ್ ಮೇಲೆತ್ತಬೇಕು. ಮುಕ್ಕಾಲು ಪಾಲು ಮಕ್ಕಳು 100 ಎಂದೇ ಬರೆದಿದ್ದರು. ಸರಿಯಾದ ಉತ್ತರ 96. ಎರಡನೇ ಸಲ 20% ಲೆಕ್ಕ ಹಾಕಬೇಕಾದದ್ದು 80ರ ಮೇಲೆ. "ಯಾವುದರ 20%?" ಎಂಬ ಪ್ರಶ್ನೆ ನನ್ನ ತಲೆಯಲ್ಲಿ ತಾನಾಗಿಯೇ ನಡೆದುಹೋಗುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಬೇಕು ಅಂತಲೇ ನನಗೆ ಹೊಳೆದಿರಲಿಲ್ಲ.

ವಿಷಯ ಚೆನ್ನಾಗಿ ಗೊತ್ತಿರುವವರಿಗೆ ಬರುವ ತೊಂದರೆಯೇ ಇದು. ನಮಗೆ ರೂಢಿಯಾದ ಹೆಜ್ಜೆ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಇನ್ನೊಂದು ತಪ್ಪು, ಪ್ರಶ್ನೆ ಕೇಳಿ ಕಾಯದೇ ಇರುವುದು. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ಇದನ್ನು ತೋರಿಸಿದರು. ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡ್ ಮಾತ್ರ. ಮೂರು ಸೆಕೆಂಡ್ ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ನೆ ಕೂರುತ್ತಿದ್ದವರೂ ಮಾತಾಡಿದರು. ಇಂಥದ್ದು ಓದಿದರೆ ಬರುವುದಿಲ್ಲ, ಯಾರಾದರೂ ಹಿಂದೆ ಕೂತು ನೋಡಿ ಹೇಳಬೇಕು. ಅದಕ್ಕೇ ತರಬೇತಿ ಆರಿಸುವಾಗ ಒಂದು ವಿಚಾರ ಮುಖ್ಯವಾಗಿ ಕೇಳಿ: ನಿಜವಾದ ತರಗತಿಯಲ್ಲಿ ಎಷ್ಟು ವಾರ, ನನ್ನ ಪಾಠವನ್ನು ಎಷ್ಟು ಸಲ ನೋಡುತ್ತೀರಿ?

ತೃಪ್ತಿ ಸಿಗುತ್ತದೆ, ಆದರೆ ತಡವಾಗಿ. ಮೊದಲ ವರ್ಷ ನನಗೆ ಬಹಳ ಕಷ್ಟವಾಗಿತ್ತು. ಹಳೇ ಆಫೀಸಿನಲ್ಲಿ ನನ್ನ ಮಾತಿಗೆ ತೂಕವಿತ್ತು, ಇಲ್ಲಿ ನಾನು ಎಲ್ಲರಿಗಿಂತ ಹೊಸಬ. ಎರಡನೇ ವರ್ಷ ಅದೇ ಪಾಠ ಮತ್ತೆ ಮಾಡುವಾಗ, ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಮೊದಲೇ ಗೊತ್ತಿತ್ತು. ಒಬ್ಬ ಹುಡುಗ ಬರೆದ 100ನ್ನು ತಾನೇ ಹೊಡೆದುಹಾಕಿ, ಪಕ್ಕದವನಿಗೆ "ಈಗಿನದು 80 ಕಣೋ, ಅದರ ಮೇಲೆ ಹಾಕು" ಅಂದ. ಆ ದಿನದ ಖುಷಿ ನನಗೆ ಹಳೇ ಕೆಲಸದಲ್ಲಿ ಸಿಕ್ಕಿರಲಿಲ್ಲ.

ರಾಜೀನಾಮೆ ಕೊಡುವ ಮೊದಲು ರಜೆ ಹಾಕಿ ಎರಡು ವಾರ ಒಂದು ಶಾಲೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಇದ್ದು ನೋಡಿ. ಬರೀ ಪಾಠ ನೋಡಿದರೆ ಸಾಲದು. 40 ನೋಟ್‌ಬುಕ್, ಒಂದಕ್ಕೆ ಮೂರು ನಿಮಿಷ ಅಂದರೂ ಒಂದು ತರಗತಿಗೆ ಎರಡು ಗಂಟೆ ತಿದ್ದುವ ಕೆಲಸ. ಅಂಥ ತರಗತಿಗಳು ನಾಲ್ಕಿರುತ್ತವೆ. ಒಂದು ಕಟ್ಟು ನೀವೇ ತೆಗೆದುಕೊಂಡು ತಿದ್ದಿ. ಮಕ್ಕಳ ತಪ್ಪುಗಳು ಬೇಸರ ತರಿಸುತ್ತವೋ, ಯಾಕೆ ಹೀಗೆ ಬರೆದರು ಎಂಬ ಕುತೂಹಲ ಹುಟ್ಟಿಸುತ್ತವೋ, ಗಮನಿಸಿ.